ಮೂರಾಣೆ ಕೂಲಿ, ಒಂದೂವರೆ ಪೌಂಡ್ ಜೋಳ

ನವಲಗುಂದ ತಾಲೂಕಿನ ನಮ್ಮ ಊರಿನಲ್ಲಿ ಕೂಲಿ ಏರಿದ ಸುದ್ದಿ ಬಂದಾಗಲೆಲ್ಲ ನಮ್ಮ ಅಜ್ಜಿ ಕೇಳುತ್ತಿದ್ದ ಪ್ರಶ್ನೆ ಒಂದೇ. "ಏರಿತಂತ ಅಂದ್ರ ಎಷ್ಟ ಜ್ವಾಳ ಬರ್ತಾವ ಅದಕ್ಕ?" ರೂಪಾಯಿಯ ಲೆಕ್ಕ ಅವಳಿಗೆ ಗೊತ್ತಿರಲಿಲ್ಲ ಅಂತಲ್ಲ. ಹತ್ತಿ ಬಿಡಿಸಿದ ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿ, ಒಂದು ಪೈಸೆ ತಪ್ಪದಂತೆ ಲೆಕ್ಕ ಇಡುವವಳು. ಆದರೆ ಕೂಲಿ ಎಂಬುದನ್ನು ಅವಳು ರೂಪಾಯಿಯಲ್ಲಿ ಅಳೆಯುತ್ತಿರಲಿಲ್ಲ, ಸೇರಿನಲ್ಲಿ ಅಳೆಯುತ್ತಿದ್ದಳು. ಮುಂದೆ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಮೇಷ್ಟ್ರು ಕಪ್ಪು ಹಲಗೆಯ ಮೇಲೆ 'ಹಣದ ಕೂಲಿ' ಮತ್ತು 'ನೈಜ ಕೂಲಿ' ಎಂದು ಎರಡು ಪದ ಬರೆದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ಕೈಗೆ ಬರುವ ನಾಣ್ಯದ ಎಣಿಕೆ ಹಣದ ಕೂಲಿ. ಆ ನಾಣ್ಯ ಸಂತೆಯಲ್ಲಿ ಎಷ್ಟು ಸಾಮಾನು ತರುತ್ತದೆ ಎಂಬುದು ನೈಜ ಕೂಲಿ. ಅಜ್ಜಿ ಕೇಳುತ್ತಿದ್ದದ್ದು ಎರಡನೆಯದನ್ನು.

ಈ ಎರಡರ ನಡುವಿನ ಅಂತರ ಎಷ್ಟು ದೊಡ್ಡದಾಗಬಹುದು, ಕೂಲಿ ಏರುತ್ತಿರುವಾಗಲೇ ಊಟ ಹೇಗೆ ಇಳಿಯಬಹುದು ಎಂಬುದಕ್ಕೆ ನಮ್ಮ ಧಾರವಾಡ ಜಿಲ್ಲೆಯ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. 1876-77ರ ಬರಗಾಲದಲ್ಲಿ ಬಾಂಬೆ ಸರ್ಕಾರ ಪರಿಹಾರ ಕಾಮಗಾರಿಗಳಿಗೆ ಗೊತ್ತುಮಾಡಿದ ಕೂಲಿಯ ಲೆಕ್ಕ ಅದು. ಬಾಂಬೆ ಪ್ರೆಸಿಡೆನ್ಸಿಯ ಗ್ಯಾಝೆಟಿಯರ್ ಸಂಪುಟಗಳನ್ನು ತಿರುವುತ್ತಿದ್ದಾಗ ನಾನು ಅದನ್ನು ಮೊದಲು ಓದಿದೆ. ಧಾರವಾಡದ ಸಂಪುಟ ಅಚ್ಚಾದದ್ದು 1884ರಲ್ಲಿ, ಬರ ಮುಗಿದು ಕೆಲವೇ ವರ್ಷಗಳ ಮೇಲೆ. ಕೂಲಿಯ ದರಗಳನ್ನು ಹೇಳುವ ಆ ನಾಲ್ಕೈದು ಸಾಲುಗಳನ್ನು ಓದುವಾಗ ಸರ್ಕಾರ ಬಹಳ ನ್ಯಾಯವಾಗಿ ನಡೆದುಕೊಂಡಿತು ಅನ್ನಿಸುತ್ತದೆ. ಧಾನ್ಯದ ಬೆಲೆ ಏರಿದರೆ ಕೂಲಿಯೂ ಏರಬೇಕು ಎಂಬ ನಿಯಮವೇ ಅಲ್ಲಿದೆ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿದಾಗಲಷ್ಟೇ ಒಳಗಿನ ಸಂಗತಿ ಕಾಣುತ್ತದೆ.

ಆ ಲೆಕ್ಕಕ್ಕೆ ಮೊದಲು ನೆಲದ ಬಗ್ಗೆ ಎರಡು ಮಾತು. ನವಲಗುಂದ, ಅಣ್ಣಿಗೇರಿ, ಕುಂದಗೋಳ ಇವು ಎರಿ ಹೊಲದ ಸೀಮೆ. ಹಿಂಗಾರಿ ಜೋಳ, ಹತ್ತಿ, ಗೋದಿ, ಕಡಲೆ ಇಲ್ಲಿನ ಬೆಳೆ. ಜೋಳದ ರೊಟ್ಟಿಯೇ ಊಟ. ಪಡುವಣಕ್ಕೆ ಹೋದಂತೆ, ಕಲಘಟಗಿಯ ಹತ್ತಿರ, ಮಳೆ ಹೆಚ್ಚಿ ನೆಲ ಮಲೆನಾಡಿನ ಸೆರಗಾಗುತ್ತದೆ, ಭತ್ತ ಬರುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಊಟ, ಎರಡು ಬೆಲೆ. ಹಾಗಾಗಿ ನವಲಗುಂದದ ಆಳಿಗೂ ಕಲಘಟಗಿಯ ಆಳಿಗೂ ಸಮನಾದ ನಾಣ್ಯ ಕೊಟ್ಟರೆ ಇಬ್ಬರಿಗೂ ಸಮನಾದ ಕೂಲಿ ಕೊಟ್ಟಂತೆ ಆಗುತ್ತಿರಲಿಲ್ಲ. ಆಡಳಿತವೂ ಒಂದೇ ಆಗಿರಲಿಲ್ಲ. ನವಲಗುಂದ, ಕಲಘಟಗಿ ಬ್ರಿಟಿಷರ ಧಾರವಾಡ ಜಿಲ್ಲೆಯಲ್ಲಿದ್ದರೆ ಕುಂದಗೋಳ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಮುಂದೆ ಹೇಳುವ ಸರ್ಕಾರಿ ದರಗಳು ಬ್ರಿಟಿಷ್ ಸೀಮೆಯವು.

ಈ ಎರಿ ಸೀಮೆಯಲ್ಲಿ ಹೊಲದ ಕೂಲಿಯ ಬಹುಪಾಲು ಕಾಳಿನಲ್ಲೇ ಸಲ್ಲುತ್ತಿತ್ತು. ಸುಗ್ಗಿಯಲ್ಲಿ ಜೋಳ ಕೊಯ್ದವರಿಗೆ ಜೋಳ. ಹತ್ತಿ ಬಿಡಿಸಿದ ಹೆಂಗಸರಿಗೆ ಬಿಡಿಸಿದ ಹತ್ತಿಯಲ್ಲೇ ಒಂದು ಪಾಲು. ಬಡಿಗ, ಕಂಬಾರ ಮೊದಲಾದ ಆಯಗಾರರಿಗೆ ಕಣದಲ್ಲೇ ವರ್ಷದ ಆಯ. ಕಾಳಿನ ಕೂಲಿಯ ಗುಣವೇನೆಂದರೆ ಅದು ತಾನೇ ನೈಜ ಕೂಲಿ. ದಿನಕ್ಕೆ ಎರಡು ಸೇರು ಜೋಳ ಎಂದು ಮಾತಾಗಿದ್ದರೆ ಹುಬ್ಬಳ್ಳಿ ಪೇಟೆಯಲ್ಲಿ ಜೋಳದ ಬೆಲೆ ಇಮ್ಮಡಿಯಾದರೂ ಆಳಿನ ಮನೆಗೆ ಬರುವುದು ಎರಡು ಸೇರೇ. ಬೆಲೆ ಏರಿದ ಹೊರೆ ಕೊಡುವವನ ಮೇಲೆ ಬೀಳುತ್ತದೆ, ಪಡೆಯುವವನ ಮೇಲಲ್ಲ. ಹಾಗೆಂದು ಕಾಳಿನ ಕೂಲಿಯ ಕಾಲವನ್ನು ಸುವರ್ಣಯುಗ ಮಾಡಬೇಕಾಗಿಲ್ಲ. ಅಳೆಯುವ ಸೇರು ಒಡೆಯನದು, ಕಾಳಿನ ಗುಣ ಒಡೆಯನ ಮರ್ಜಿ. ಎಲ್ಲಕ್ಕಿಂತ ಮುಖ್ಯವಾಗಿ, ಮಳೆ ಬಾರದೆ ಬೆಳೆಯೇ ಇಲ್ಲದ ವರ್ಷ ಕೊಯ್ಯುವ ಕೆಲಸವೂ ಇಲ್ಲ, ಕೊಡುವ ಕಾಳೂ ಇಲ್ಲ. ಆಗ ಆಳಿಗೆ ಉಳಿಯುವುದು ನಾಣ್ಯದ ಕೂಲಿ ಒಂದೇ. ನಾಣ್ಯಕ್ಕೆ ಅತಿ ಕಡಿಮೆ ಬೆಲೆ ಇರುವ ಕಾಲವೂ ಅದೇ.

ಬರಕ್ಕೆ ಹದಿನೈದು ವರ್ಷ ಮುಂಚೆ ನಾಣ್ಯ ಈ ಸೀಮೆಗೆ ಹೊಳೆಯಂತೆ ಹರಿದು ಬಂದಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಿತು. ಧಾರವಾಡದ ಹತ್ತಿಗೆ ಎಂದೂ ಕಾಣದ ಬೆಲೆ ಬಂತು. ಅರಳೆ ಹೇರಿದ ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋದವು. ಆ ವರ್ಷಗಳಲ್ಲಿ ಕೂಲಿಯ ನಾಣ್ಯ ಏರಿತು, ಅದು ನಿಜ. ಅದರ ಜೊತೆಯಲ್ಲೇ ಕಾಳಿನ ಬೆಲೆಯೂ ಏರಿತು. ಕಾರಣ ಸರಳ. ಹತ್ತಿಯೂ ಜೋಳವೂ ಬೇಡುವುದು ಒಂದೇ ಎರಿ ಹೊಲವನ್ನು, ಮತ್ತು ಕೈಯಲ್ಲಿ ನಾಣ್ಯ ಹೆಚ್ಚಿದ್ದ ಜನ ಅದೇ ಪೇಟೆಯಲ್ಲಿ ಅದೇ ಕಾಳಿಗೆ ನಿಲ್ಲುತ್ತಾರೆ. ಹೊಲವೂ ಹತ್ತಿಯೂ ಇದ್ದವನು ಎರಡು ಕಡೆಯಿಂದ ಗೆದ್ದ. ಬರೀ ರಟ್ಟೆ ಇದ್ದವನು ಒಂದು ಕೈಯಲ್ಲಿ ಪಡೆದದ್ದನ್ನು ಇನ್ನೊಂದು ಕೈಯಲ್ಲಿ ಕೊಟ್ಟ. ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಿತು. ಆದರೆ 'ಜನರ ಕೂಲಿ ಏರಿದೆ, ದೇಶ ಸುಖವಾಗಿದೆ' ಎಂಬ ಮಾತು ಸರ್ಕಾರದ ವರದಿಗಳಲ್ಲಿ ಉಳಿದುಕೊಂಡಿತು.

1876ರಲ್ಲಿ ಮಳೆ ಕೈಕೊಟ್ಟಿತು. ಮುಂಗಾರು ಸರಿಯಾಗಿ ಬರಲಿಲ್ಲ, ಜಿಲ್ಲೆಯ ಮೂಡಣ ಭಾಗವು ನೆಚ್ಚಿಕೊಂಡಿದ್ದ ಹಿಂಗಾರು ಮಳೆಯೂ ಬರಲಿಲ್ಲ. ಧಾರವಾಡಕ್ಕೆ ಆಗ ಇನ್ನೂ ರೈಲು ಬಂದಿರಲಿಲ್ಲ. ಹೊರಗಿನ ಕಾಳು ಬರಬೇಕಾದರೆ ಎತ್ತಿನ ಗಾಡಿಯೇ ಗತಿ, ಆ ಎತ್ತುಗಳಿಗೇ ಮೇವು ನೀರಿಲ್ಲ. ಸರ್ಕಾರ ರಸ್ತೆ, ಕೆರೆಗಳ ಕಾಮಗಾರಿ ತೆರೆಯಿತು. ಬಂದವರಿಗೆ ಮಣ್ಣು ಅಗೆಯುವ, ಹೊರುವ, ಜಲ್ಲಿ ಒಡೆಯುವ ಕೆಲಸ. ಆರಂಭದ ದಿನಗೂಲಿ ಗಂಡಸಿಗೆ 2 ಆಣೆ, ಹೆಂಗಸಿಗೆ ಒಂದೂವರೆ ಆಣೆ, ಕೆಲಸ ಮಾಡಬಲ್ಲ ಹುಡುಗ ಹುಡುಗಿಯರಿಗೆ 1 ಆಣೆ.

ಇಲ್ಲಿ ಓದುಗರು ಅಂದಿನ ಎರಡು ಅಳತೆಗಳನ್ನು ನೆನಪಿಟ್ಟುಕೊಳ್ಳಬೇಕು. ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಇನ್ನೊಂದು, ಬೆಲೆ ಹೇಳುವ ರೀತಿ. ಸರ್ಕಾರಿ ಕಾಗದಗಳಲ್ಲಿ ಕಾಳಿನ ಬೆಲೆಯನ್ನು 'ರೂಪಾಯಿಗೆ ಇಷ್ಟು ಪೌಂಡ್' ಎಂದು ಬರೆಯುತ್ತಿದ್ದರು. ಹಳ್ಳಿಯ ಜನರೂ 'ರೂಪಾಯಿಗೆ ಇಷ್ಟು ಸೇರು' ಎಂದೇ ಹೇಳುತ್ತಿದ್ದರು. ಈ ಲೆಕ್ಕದಲ್ಲಿ ಸಂಖ್ಯೆ ಇಳಿದರೆ ಬೆಲೆ ಏರಿದಂತೆ. ರೂಪಾಯಿಗೆ 16 ಪೌಂಡ್ ಇದ್ದದ್ದು 8 ಪೌಂಡ್ ಆಯಿತು ಎಂದರೆ ಜೋಳದ ಬೆಲೆ ಇಮ್ಮಡಿಯಾಯಿತು ಎಂದರ್ಥ. ಹಳೆಯ ಬೆಲೆಪಟ್ಟಿ ಓದುವ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲೇ.

ನವೆಂಬರ್ ನಡುವಿನ ಹೊತ್ತಿಗೆ ಬೆಲೆ ಏರುತ್ತಲೇ ಹೋದಾಗ 2 ಆಣೆ ಸಾಲದು ಎಂಬುದು ಸರ್ಕಾರಕ್ಕೂ ಗೊತ್ತಾಯಿತು. ಆಗ ಒಂದು ಏರಿಳಿಯುವ ದರವನ್ನು ಜಾರಿಗೆ ತಂದರು. ರೂಪಾಯಿಗೆ 16 ಪೌಂಡಿಗಿಂತ ಕಾಳು ತುಟ್ಟಿಯಾದರೆ, ಅಲ್ಲಿಂದ ಮುಂದೆ ಕೂಲಿಯೂ ಬೆಲೆಯ ಜೊತೆ ಏರಬೇಕು. ಗಂಡಸಿಗೆ ಯಾವಾಗಲೂ ಒಂದು ಪೌಂಡ್ ಕಾಳಿನ ಬೆಲೆ, ಅದರ ಮೇಲೆ ಒಂದು ಆಣೆ ಸಿಗಬೇಕು. ಇದು ನಿಯಮ.

16 ಪೌಂಡನ್ನೇ ಏಕೆ ಗಡಿ ಮಾಡಿದರು ಎಂದು ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ರೂಪಾಯಿಗೆ 16 ಪೌಂಡ್ ಎಂದರೆ 16 ಆಣೆಗೆ 16 ಪೌಂಡ್, ಅಂದರೆ ಪೌಂಡಿಗೆ ಸರಿಯಾಗಿ ಒಂದು ಆಣೆ. ಒಂದು ಪೌಂಡಿನ ಬೆಲೆ ಒಂದು ಆಣೆ, ಮೇಲೆ ಇನ್ನೊಂದು ಆಣೆ, ಒಟ್ಟು ಎರಡು ಆಣೆ. ಹಳೆಯ ಕೂಲಿಯೂ ಅಷ್ಟೇ. ಹೀಗೆ ಹಳೆಯ ದರ ಮುಗಿಯುವಲ್ಲಿ ಹೊಸ ದರ ಶುರುವಾಗುತ್ತದೆ. ಆ ಹಂತದಲ್ಲಿ ಆಳು ತನ್ನ ಕೂಲಿಯನ್ನೆಲ್ಲ ಜೋಳಕ್ಕೇ ಹಾಕಿದರೆ ಎರಡು ಪೌಂಡ್ ಜೋಳ ಬರುತ್ತಿತ್ತು.

ಈಗ ಬೆಲೆ ಏರಲಿ. ರೂಪಾಯಿಗೆ 12 ಪೌಂಡ್ ಆಯಿತೆನ್ನೋಣ. ಆಗ ಒಂದು ಪೌಂಡಿಗೆ 1 ಆಣೆ 4 ಪೈ. ಅದಕ್ಕೆ ಒಂದು ಆಣೆ ಸೇರಿಸಿದರೆ ಕೂಲಿ 2 ಆಣೆ 4 ಪೈ. ಕೂಲಿ ಏರಿತು. ಆದರೆ ಆ 28 ಪೈಗೆ, ಪೌಂಡಿಗೆ 16 ಪೈಯಂತೆ, ಬರುವುದು ಒಂದೂಮುಕ್ಕಾಲು ಪೌಂಡ್ ಜೋಳ. ಮೊದಲು ಎರಡು ಪೌಂಡ್ ಬರುತ್ತಿತ್ತು.

ಇನ್ನೂ ಏರಲಿ. ರೂಪಾಯಿಗೆ 8 ಪೌಂಡ್ ಎಂದು ಹಿಡಿಯೋಣ. ಒಂದು ಪೌಂಡಿಗೆ 2 ಆಣೆ, ಮೇಲೆ ಒಂದು ಆಣೆ, ಒಟ್ಟು ಕೂಲಿ 3 ಆಣೆ. ನಾಣ್ಯದಲ್ಲಿ ಇದು ನೂರಕ್ಕೆ 50ರಷ್ಟು ಏರಿಕೆ. ಯಾವ ಇಲಾಖೆಯ ವರದಿಯಲ್ಲಿ ಬರೆದರೂ ದೊಡ್ಡ ಏರಿಕೆಯೇ. ಆದರೆ ಪೌಂಡಿಗೆ 2 ಆಣೆ ಇರುವಾಗ 3 ಆಣೆಗೆ ಬರುವುದು ಒಂದೂವರೆ ಪೌಂಡ್. ಜೋಳದಲ್ಲಿ ಇದು ನೂರಕ್ಕೆ 25ರಷ್ಟು ಇಳಿಕೆ. ಕೂಲಿ ಅರ್ಧದಷ್ಟು ಏರಿತು, ಊಟ ಕಾಲುಭಾಗ ಇಳಿಯಿತು. ಎರಡೂ ಒಂದೇ ದಿನ, ಒಂದೇ ಕೈಗೆ.

ಇದು ಹೇಗಾಯಿತು? ಬೆಲೆಯ ಜೊತೆ ಕೂಲಿ ಏರಲಿ ಎಂದೇ ಅಲ್ಲವೆ ನಿಯಮ ಮಾಡಿದ್ದು? ನಿಯಮದ ಎರಡು ತುಂಡುಗಳನ್ನು ಬೇರೆ ಬೇರೆ ನೋಡಬೇಕು. 'ಒಂದು ಪೌಂಡ್ ಕಾಳಿನ ಬೆಲೆ' ಎಂಬ ತುಂಡು ಬೆಲೆಗೆ ಕಟ್ಟಿದ್ದು, ಅದು ಕಾಳಿನ ಕೂಲಿಯಷ್ಟೇ ಗಟ್ಟಿ. 'ಮೇಲೆ ಒಂದು ಆಣೆ' ಎಂಬ ತುಂಡನ್ನು ಯಾವುದಕ್ಕೂ ಕಟ್ಟಿಲ್ಲ. ಜೋಳ ಅಗ್ಗವಿದ್ದಾಗ ಆ ಆಣೆಗೆ ಇನ್ನೊಂದು ಪೌಂಡ್ ಬರುತ್ತಿತ್ತು, ತುಟ್ಟಿಯಾದಾಗ ಅರ್ಧ ಪೌಂಡಷ್ಟೇ ಬರುತ್ತದೆ. ಕೂಲಿಯ ಅರ್ಧವನ್ನು ಮಾತ್ರ ಬೆಲೆಯಿಂದ ಕಾಪಾಡಿ, ಉಳಿದರ್ಧವನ್ನು ಬಯಲಿಗೆ ಬಿಟ್ಟಂತಾಯಿತು. ಬೆಲೆ ಎಷ್ಟೇ ಏರಿದರೂ ಕೂಲಿ ಒಂದು ಪೌಂಡಿಗಿಂತ ಕೆಳಗೆ ಇಳಿಯದು, ಆದರೆ ಅದರ ಹತ್ತಿರ ಹತ್ತಿರಕ್ಕೆ ಜಾರುತ್ತಲೇ ಇರುತ್ತದೆ.

ಆ ಒಂದು ಆಣೆಯಲ್ಲಿ ಆಗಬೇಕಾಗಿದ್ದ ಖರ್ಚುಗಳೇನು ಎಂಬುದನ್ನು ಯಾವ ಹಳ್ಳಿಯ ಹೆಂಗಸೂ ಹೇಳಬಲ್ಲಳು. ಉಪ್ಪು, ಮೆಣಸಿನಕಾಯಿ, ಬೇಳೆ, ಎಣ್ಣೆ, ಉರುವಲು, ಕಾಳು ಬೀಸದಷ್ಟು ದಣಿದಿದ್ದರೆ ಬೀಸಿಸುವ ಕೂಲಿ. ದುಡಿಯಲಾರದ ಮುದುಕರ, ಎಳೆಮಕ್ಕಳ ಪಾಲು. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ. ನಮ್ಮ ಮನೆಯ ಅಳತೆಯಲ್ಲಿ ಆರೇಳು ರೊಟ್ಟಿ. ಕುಳಿತು ತಿನ್ನುವವರಿಗೆ ಅದು ಸಾಕಾಗಬಹುದು. ದಿನವಿಡೀ ಮಣ್ಣು ಅಗೆದು ಹೊರುವವರಿಗೆ, ಮೇಲೆ ಬೇಳೆ ಎಣ್ಣೆ ಇಲ್ಲದೆ, ಅದು ನಿಧಾನವಾಗಿ ಮೈ ಕರಗಿಸುವ ಊಟ.

ಇನ್ನೊಂದು ತೊಡಕು ಬೆಲೆಗೆ ಕಟ್ಟಿದ ಎಲ್ಲ ಕೂಲಿಗಳಿಗೂ ಇರುವಂಥದು. ಬೆಲೆಯನ್ನು ಯಾರೋ ನೋಡಿ, ಬರೆದು, ಮೇಲಿನವರಿಗೆ ಕಳಿಸಿ, ದರ ಗೊತ್ತಾಗುವಷ್ಟರಲ್ಲಿ ಪೇಟೆಯ ಬೆಲೆ ಮುಂದೆ ಹೋಗಿರುತ್ತದೆ. ಕಚೇರಿಯ ಲೆಕ್ಕದಲ್ಲಿ ಬೆಲೆ ಇನ್ನೂ ರೂಪಾಯಿಗೆ 10 ಪೌಂಡ್ ಇದ್ದು, ಅಂಗಡಿಯಲ್ಲಿ 8 ಪೌಂಡ್ ಆಗಿದ್ದರೆ, ಆಳಿನ ಕೈಗೆ ಬರುವುದು ಸುಮಾರು 2 ಆಣೆ 7 ಪೈ. ಅಂಗಡಿಯ ಬೆಲೆಗೆ ಅದು ಒಂದೂಕಾಲು ಪೌಂಡಿಗಿಂತ ಚೂರು ಮೇಲಷ್ಟೇ. ಜೊತೆಗೆ ಒಂದೆರಡು ಪೌಂಡ್ ಕೊಳ್ಳುವವನಿಗೆ ಚೀಲ ಕೊಳ್ಳುವವನ ಬೆಲೆ ಎಂದೂ ಸಿಗುವುದಿಲ್ಲ. ಬೆಲೆ ಏರುತ್ತಿರುವ ಕಾಲದಲ್ಲಿ ತಡವಾಗಿ ಬರುವ ಏರಿಕೆ ನೈಜ ಕೂಲಿಯ ಇಳಿಕೆಯೇ.

1877ರ ಜನವರಿಯಲ್ಲಿ ಈ ಕೂಲಿಗೂ ಕತ್ತರಿ ಬಿತ್ತು. ಬರಗಾಲದ ಖರ್ಚನ್ನು ಹದ್ದುಬಸ್ತಿಗೆ ತರಲು ಭಾರತ ಸರ್ಕಾರ ರಿಚರ್ಡ್ ಟೆಂಪಲ್ ಎಂಬ ಹಿರಿಯ ಅಧಿಕಾರಿಯನ್ನು ಕಳಿಸಿತ್ತು. ದಿನಕ್ಕೆ ಒಂದು ಪೌಂಡ್ ಕಾಳು ಮತ್ತು ಸ್ವಲ್ಪ ಕಾಸು ಇದ್ದರೆ ಮನುಷ್ಯ ಬದುಕಬಲ್ಲ ಎಂಬುದು ಅವನ ಎಣಿಕೆ. ಚರಿತ್ರೆಯಲ್ಲಿ ಅದಕ್ಕೆ 'ಟೆಂಪಲ್ ಕೂಲಿ' ಎಂದೇ ಹೆಸರು ನಿಂತಿದೆ. ಬಾಂಬೆ ಪ್ರಾಂತದಲ್ಲಿ, ಪೂರ್ಣ ಕೆಲಸ ಮಾಡಲಾರದವರೆಂದು ಕಂದಾಯ ಅಧಿಕಾರಿಗಳ ಕೈಕೆಳಗಿನ ಕಾಮಗಾರಿಗಳಲ್ಲಿ ಇಟ್ಟವರ ಕೂಲಿಯನ್ನು ಗಂಡಸಿಗೆ ಒಂದು ಪೌಂಡ್ ಕಾಳಿನ ಬೆಲೆ ಮತ್ತು ಅರ್ಧ ಆಣೆಗೆ ಇಳಿಸಿದರು. ಅದೇ 8 ಪೌಂಡಿನ ಬೆಲೆಯಲ್ಲಿ ಲೆಕ್ಕ ಹಾಕಿ. ಕೂಲಿ ಎರಡೂವರೆ ಆಣೆ. ಬರದ ಆರಂಭದಲ್ಲಿ ಕೊಟ್ಟ 2 ಆಣೆಗಿಂತ ಇದು ಈಗಲೂ ಅರ್ಧ ಆಣೆ ಹೆಚ್ಚೇ! ಹಿಂದಿನ ವರ್ಷದ ದರ ತೋರಿಸಿ 'ನೋಡಿ, ಏರಿಸಿದ್ದೇವೆ' ಎನ್ನಬಹುದು. ಜೋಳದಲ್ಲಿ ಅದು ಒಂದೂಕಾಲು ಪೌಂಡ್. ಆರಂಭದ ಎರಡು ಪೌಂಡಿಗೆ ಹೋಲಿಸಿದರೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಹೋಗಿಬಿಟ್ಟಿದೆ.

ಜನರಿಗೆ ಈ ಲೆಕ್ಕ ಅರ್ಥವಾಗದೆ ಇರಲಿಲ್ಲ. ಕೂಲಿ ಕಡಿತದ ಸುದ್ದಿ ಬರುತ್ತಿದ್ದಂತೆ ಬಾಂಬೆ ಪ್ರಾಂತದ ಬರದ ಜಿಲ್ಲೆಗಳಲ್ಲಿ ಸಾವಿರಾರು ಜನ ಕಾಮಗಾರಿ ಬಿಟ್ಟು ಎದ್ದು ನಡೆದರು. ಹಸಿದವರು ಹಸಿವಿನ ಪರಿಹಾರವನ್ನೇ ಬೇಡವೆಂದು ಮಾಡಿದ ಮುಷ್ಕರ ಅದು. 1870ರಲ್ಲಿ ಹುಟ್ಟಿದ್ದ ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ನಿಂತು ಸರ್ಕಾರಕ್ಕೆ ಮನವಿ ಬರೆಯಿತು. ಪಕ್ಕದ ಮದ್ರಾಸ್ ಪ್ರಾಂತದಲ್ಲಿ ಆರೋಗ್ಯ ಇಲಾಖೆಯ ಮುಖ್ಯಸ್ಥ ಡಾ. ಕಾರ್ನಿಷ್ ಟೆಂಪಲ್ ಕೂಲಿಯನ್ನು ಬಹಿರಂಗವಾಗಿಯೇ ಎದುರಿಸಿದ. ಅವನು ರೂಪಾಯಿ ಆಣೆಗಳ ಮಾತಾಡಲಿಲ್ಲ. ಜೈಲಿನ ಕೈದಿಗೆ ಕೊಡುವ ಪಡಿಯನ್ನು ಮುಂದಿಟ್ಟು, ಮಣ್ಣು ಹೊರುವವನಿಗೆ ಅದಕ್ಕಿಂತಲೂ ಕಡಿಮೆ ಸಿಗುತ್ತಿದೆ ಎಂದ. ಮದ್ರಾಸಿನಲ್ಲಿ ಆ ವರ್ಷದ ಮೇ ತಿಂಗಳಲ್ಲಿ ಕೂಲಿಯನ್ನು ಮತ್ತೆ ಏರಿಸಬೇಕಾಯಿತು. 1872 ಮತ್ತು 1881ರ ಜನಗಣತಿಗಳ ನಡುವೆ ಧಾರವಾಡ ಜಿಲ್ಲೆಯ ಜನಸಂಖ್ಯೆ ಸುಮಾರು ಹತ್ತರಲ್ಲೊಂದು ಪಾಲು ಕುಗ್ಗಿತು. ಅದರಲ್ಲಿ ಸತ್ತವರಿದ್ದರು, ಊರು ಬಿಟ್ಟವರಿದ್ದರು, ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರಿದ್ದರು. ಅಷ್ಟಕ್ಕೂ ಕೂಲಿಯೊಂದೇ ಕಾರಣವಲ್ಲ. ಬರ, ಜ್ವರ, ಕಾಲರಾ ಎಲ್ಲ ಸೇರಿದ್ದವು. ಆದರೆ ಕರಗಿದ ಮೈಯನ್ನು ಜ್ವರ ಬೇಗ ಹಿಡಿಯುತ್ತದೆ.

ಇದೇ ಹೊತ್ತಿನಲ್ಲಿ, 1876ರಲ್ಲಿ, ದಾದಾಭಾಯಿ ನವರೋಜಿ 'ಭಾರತದ ಬಡತನ' ಕುರಿತ ತಮ್ಮ ಪ್ರಬಂಧವನ್ನು ಓದಿದರು. ಬೆಲೆ ಏರಿದೆ, ಕೂಲಿ ಏರಿದೆ, ಆದ್ದರಿಂದ ಜನ ಸುಖಿಗಳು ಎನ್ನುವವರಿಗೆ ಅವರು ಕೊಟ್ಟ ಉತ್ತರದ ದಾರಿ ನಮ್ಮ ಅಜ್ಜಿಯ ದಾರಿಯೇ. ಮೊದಲು ಒಬ್ಬ ಮನುಷ್ಯನಿಗೆ ವರ್ಷಕ್ಕೆ ಬೇಕಾದ ಅನ್ನ, ಬಟ್ಟೆ ಎಷ್ಟೆಂದು ಪಟ್ಟಿ ಮಾಡಿದರು. ಆ ಪಟ್ಟಿಗೂ ಸರ್ಕಾರದ್ದೇ ಕಾಗದಗಳನ್ನು ಬಳಸಿದರು. ಹಡಗು ಹತ್ತಿ ಹೊರದೇಶಕ್ಕೆ ಹೋಗುವ ಕೂಲಿಗಳಿಗೆ ನಿಗದಿಯಾದ ಪಡಿ, ಜೈಲಿನ ಪಡಿ. ಅದಕ್ಕೆ ಪೇಟೆಯ ಬೆಲೆ ಕಟ್ಟಿ, ತಲೆಗೆ ವರ್ಷಕ್ಕೆ 20 ರೂಪಾಯಿ ಎಂದು ತಾವು ಅಂದಾಜು ಮಾಡಿದ್ದ ಆದಾಯದ ಪಕ್ಕದಲ್ಲಿ ಇಟ್ಟರು. ಆದಾಯ ಆ ಪಟ್ಟಿಗೇ ಸಾಲುತ್ತಿರಲಿಲ್ಲ. ರೈಲುದಾರಿ ಹಾಕುವ ಕಡೆ, ಹತ್ತಿ ಮಾರುವ ಕಡೆ ಕೂಲಿ ಏರಿದ್ದನ್ನು ತೋರಿಸಿ ಇಡೀ ದೇಶದ ಕೂಲಿ ಏರಿತೆಂದು ಹೇಳುವುದು ಸರಿಯಲ್ಲ ಎಂಬುದೂ ಅವರ ವಾದವಾಗಿತ್ತು. ಇಂದು ಬೆಲೆ ಸೂಚ್ಯಂಕ ಎಂದು ಕರೆಯುವುದರ ಹಿಂದಿರುವುದು ಈ ಸಾಮಾನು ಪಟ್ಟಿಯ ಯೋಚನೆಯೇ.

ಇಂದಿನ ಕೂಲಿಗೆ ಬರೋಣ. ಉದ್ಯೋಗ ಖಾತ್ರಿ ಯೋಜನೆಯ ಕೂಲಿಯನ್ನು 2011ರಿಂದ ಕೃಷಿ ಕಾರ್ಮಿಕರ ಬೆಲೆ ಸೂಚ್ಯಂಕಕ್ಕೆ ಕಟ್ಟಲಾಯಿತು. ಪೂರ್ತಿ ಕೂಲಿಯನ್ನೇ ಕಟ್ಟಿದ್ದರಿಂದ 1876ರ ಆ 'ಮೇಲೆ ಒಂದು ಆಣೆ'ಯ ತಪ್ಪು ಇಲ್ಲಿಲ್ಲ. ಕರ್ನಾಟಕದಲ್ಲಿ ಈ ಕೂಲಿ 2018-19ರಲ್ಲಿ ದಿನಕ್ಕೆ 249 ರೂಪಾಯಿ. 2024-25ರಲ್ಲಿ 349 ರೂಪಾಯಿ. ಆರು ವರ್ಷದಲ್ಲಿ ಸರಿಯಾಗಿ ನೂರು ರೂಪಾಯಿ ಏರಿತು, ನೂರಕ್ಕೆ 40ರಷ್ಟು.

ಇದನ್ನು ಅಜ್ಜಿಯ ಅಳತೆಗೆ ಹಾಕೋಣ. ನಮ್ಮ ಕಡೆ ರೊಟ್ಟಿಗೆ ಬಳಸುವ ಬಿಳಿ ಜೋಳದ ಜಾತಿಗೆ ಸರ್ಕಾರದ ಪಟ್ಟಿಯಲ್ಲಿ ಮಾಲ್ದಂಡಿ ಎಂದು ಹೆಸರು. ಅದರ ಬೆಂಬಲ ಬೆಲೆ 2018-19ರಲ್ಲಿ ಕ್ವಿಂಟಲಿಗೆ 2,450 ರೂಪಾಯಿ, ಅಂದರೆ ಕಿಲೋಗೆ 24 ರೂಪಾಯಿ 50 ಪೈಸೆ. 249 ರೂಪಾಯಿಗೆ 10 ಕಿಲೋ 160 ಗ್ರಾಂ ಬರುತ್ತದೆ. 2024-25ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 3,421 ರೂಪಾಯಿ. 349 ರೂಪಾಯಿಗೆ 10 ಕಿಲೋ 200 ಗ್ರಾಂ. ನೂರು ರೂಪಾಯಿಯ ಏರಿಕೆ ಜೋಳದಲ್ಲಿ ತಂದದ್ದು 40 ಗ್ರಾಂ. ಒಂದು ಹಿಡಿ ಕಾಳು.

ಈ ಲೆಕ್ಕದ ಮಿತಿಗಳನ್ನೂ ಹೇಳಬೇಕು. ಬೆಂಬಲ ಬೆಲೆ ಎಂದರೆ ಪೇಟೆಯ ಬೆಲೆಯಲ್ಲ. ನವಲಗುಂದದ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಬೆಲೆ ಏರಿದ ದಿಕ್ಕನ್ನು ತೋರಿಸಲು ಮಾತ್ರ ನಾನು ಅದನ್ನು ಬಳಸಿದೆ. ದಿನಕ್ಕೆ ಹತ್ತು ಕಿಲೋ ಜೋಳ ತರುವ ಕೂಲಿಯನ್ನು ಒಂದೂವರೆ ಪೌಂಡ್ ತರುತ್ತಿದ್ದ ಕೂಲಿಯ ಜೊತೆ ತೂಗುವುದೂ ಸಲ್ಲದು. ಆ ಹಸಿವು ಈಗಿಲ್ಲ, ಪಡಿತರದ ಅಕ್ಕಿಯೂ ಮನೆಗೆ ಬರುತ್ತದೆ. ಆದರೆ ಅದರಿಂದಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಊಟ ಖರ್ಚಿನ ಒಂದು ಭಾಗವಷ್ಟೇ ಆಗಿರುವಾಗ ಕೂಲಿಯನ್ನು ಯಾವ ಪಟ್ಟಿಯಿಂದ ಅಳೆಯಬೇಕು? ಆ ಆರು ವರ್ಷಗಳ ಕೂಲಿಯನ್ನು ಕಟ್ಟಿದ್ದ ಸೂಚ್ಯಂಕದ ಮೂಲ ವರ್ಷ 1986-87. ಅದರ ಸಾಮಾನು ಪಟ್ಟಿ 1983ರಲ್ಲಿ ನಡೆದ ಸಮೀಕ್ಷೆಯದು. ಅಂದಿನ ಕೂಲಿಯ ಮನೆಯಲ್ಲಿ ಖರ್ಚಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಊಟಕ್ಕೇ ಹೋಗುತ್ತಿತ್ತು. ಆ ಪಟ್ಟಿಯಲ್ಲಿ ಮೊಬೈಲಿನ ರೀಚಾರ್ಜ್ ಇಲ್ಲ. ಮಕ್ಕಳ ಟ್ಯೂಷನ್, ಬಿಪಿ ಶುಗರಿನ ಮಾತ್ರೆ, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗಿಬರುವ ಖರ್ಚು ಇವುಗಳಿಗೆ ಇಂದಿನ ಮನೆಯಲ್ಲಿರುವ ತೂಕ ಅದರಲ್ಲಿಲ್ಲ. ಕಾಳಿನ ಬೆಲೆ ಒಂದು ವರ್ಷ ತಣ್ಣಗಿದ್ದರೆ ಸೂಚ್ಯಂಕವೂ ತಣ್ಣಗಿರುತ್ತದೆ, ಕೂಲಿಯೂ ನಿಂತಲ್ಲೇ ನಿಲ್ಲುತ್ತದೆ. 2019-20ರಲ್ಲಿ ಕರ್ನಾಟಕದ ಕೂಲಿ ಒಂದು ರೂಪಾಯಿಯೂ ಏರದೆ 249ರಲ್ಲೇ ಉಳಿಯಿತು. ಔಷಧಿಯ ಅಂಗಡಿಗೆ ಅದು ಗೊತ್ತಿರಲಿಲ್ಲ.

1876ರ ನಿಯಮ ಕೂಲಿಯ ಅರ್ಧವನ್ನು ಬೆಲೆಗೆ ಕಟ್ಟಿ ಅರ್ಧವನ್ನು ಬಿಟ್ಟಿತು. ಇತ್ತೀಚಿನ ನಿಯಮ ಇಡೀ ಕೂಲಿಯನ್ನು ಕಟ್ಟಿತು, ಆದರೆ ಹಳೆಯ ಪಟ್ಟಿಗೆ. ಎರಡರಲ್ಲೂ ನಾಣ್ಯದ ಏರಿಕೆ ಸುಳ್ಳಲ್ಲ, ಅದು ಕೊಳ್ಳುವ ಸಾಮಾನಿನ ಮಾತನ್ನು ಯಾರೂ ಕೇಳಿರುವುದಿಲ್ಲ ಅಷ್ಟೇ. ಅದನ್ನು ಕಂಡುಹಿಡಿಯಲು ದೊಡ್ಡ ವಿದ್ಯೆ ಬೇಕಿಲ್ಲ. ಹಿಂದಿನ ಕೂಲಿಯನ್ನು ಹಿಂದಿನ ಬೆಲೆಯಿಂದ, ಇಂದಿನ ಕೂಲಿಯನ್ನು ಇಂದಿನ ಬೆಲೆಯಿಂದ ಭಾಗಿಸಬೇಕು. ಮನೆಯಲ್ಲಿ ನಿಜವಾಗಿ ಕೊಳ್ಳುವ ನಾಲ್ಕಾರು ಸಾಮಾನಿಗೆ ಇದನ್ನು ಬೇರೆ ಬೇರೆ ಮಾಡಿ ನೋಡಬೇಕು. ವರ್ಷಕ್ಕೆ ಎಷ್ಟು ದಿನ ಕೆಲಸ ಸಿಕ್ಕಿತು ಎಂಬುದರಿಂದ ಗುಣಿಸಬೇಕು, ಏಕೆಂದರೆ ದಿನಗೂಲಿ ಏರಿ ದಿನಗಳು ಕಡಿಮೆಯಾದರೆ ಆ ಏರಿಕೆಯೂ ಅಲ್ಲಿಗೇ ಮುಗಿಯಿತು.

ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಹೋದ ಸುಗ್ಗಿಯಲ್ಲಿ ಊರಿಗೆ ಹೋದಾಗ ಕಡಲೆ ಕೀಳುತ್ತಿದ್ದ ಹೆಂಗಸರ ಜೊತೆ ಬದುವಿನ ಮೇಲೆ ಕುಳಿತು ರೊಟ್ಟಿ ತಿಂದೆ. "ಕೂಲಿ ಈಗ ಛಲೋ ಆಗೇತಲ್ಲ ಅವ್ವಾ?" ಎಂದು ಅವರಲ್ಲಿ ಹಿರಿಯಳನ್ನು ಕೇಳಿದೆ. ಅವಳು ರೊಟ್ಟಿ ಮುರಿಯುತ್ತ ನನ್ನನ್ನೇ ನೋಡಿ, "ಆಗೇತಿ ಬಿಡಪಾ. ನೀ ಸಿಲಿಂಡರ್ ಎಷ್ಟಕ್ಕ ತುಂಬಿಸ್ತಿ, ಹೇಳು ಮೊದಲ" ಎಂದಳು.